ಒಂದಿಂಚು ಇಪ್ಪತ್ತು ಸೆಂಟ್ಸ್

ಪಾತ್ರಗಳು: ಮ್ಯಾನೇಜರ್ (55), ಮಂಜುನಾಥ (26)

ಒಳಾಂಗಣ. ಚಿಕ್ಕಮಗಳೂರು ಜಿಲ್ಲೆ, ಆಲ್ದೂರಿನ ಹತ್ತಿರದ ಕಾಫಿ ಎಸ್ಟೇಟಿನ ಆಫೀಸು. ಮಾರ್ಚ್ ತಿಂಗಳ ಬೆಳಗ್ಗೆ.

ಮೇಜಿನ ಮೇಲೆ ಆಳುಗಳ ಹಾಜರಿಯ ಚೆಕ್‌ರೋಲ್, ಮಳೆ ಪುಸ್ತಕ, ಡೀಸೆಲ್ ಪುಸ್ತಕ, ತಟ್ಟೆಯಲ್ಲಿ ರೋಬಸ್ಟಾ ಚೆರ್ರಿ, ಒಂದು ಲ್ಯಾಂಡ್‌ಲೈನ್ ಫೋನು. ಮೂಲೆಯಲ್ಲಿ ಟವೆಲ್ ಹೊದಿಸಿದ ದೊಡ್ಡ ಕುರ್ಚಿ.

(ನಟರಿಗೆ: ಯಾರೂ ನಗಿಸಲು ಹೊರಡಬೇಡಿ. ಮಂಜುನಾಥನಿಗೆ ನಿಜಕ್ಕೂ ಈ ರೈಟರ್, ಅಂದರೆ ಎಸ್ಟೇಟಿನ ಗುಮಾಸ್ತನ, ಕೆಲಸ ಬೇಕು.)

ಮಂಜುನಾಥ ಬಂದವನೇ ದೊಡ್ಡ ಕುರ್ಚಿಯಲ್ಲಿ ಕೂರುತ್ತಾನೆ.

ಮ್ಯಾನೇಜರ್: ಏಯ್ ಏಯ್! ಅದು ಸಾವ್ಕಾರ್ರದ್ದು. ನಾನೇ ಕೂರಲ್ಲ ಮಾರಾಯ.

ಮಂಜುನಾಥ ಚಂಗನೆ ಏಳುತ್ತಾನೆ. ಟವೆಲ್ ಅವನ ಬೆಲ್ಟಿಗೆ ಸಿಕ್ಕಿ ಜೊತೆಗೇ ಬರುತ್ತದೆ.

ಮ್ಯಾನೇಜರ್: ರೈಟರ್ ಕೆಲಸ ಅಂದ್ರೆ ಬರೀ ಬರೆಯೋದಲ್ಲ. ಈ ಚೆರ್ರಿ ನೋಡು. ನಾಳೆ ಕ್ಯೂರಿಂಗಿಗೆ ಲಾರಿ ಹೋಗುತ್ತೆ.

ಮಂಜುನಾಥ ಒಂದನ್ನು ಬಿಡಿಸಿ ಬೀಜ ಕಡಿಯುತ್ತಾನೆ. ಸದ್ದೇ ಇಲ್ಲ.

ಮಂಜುನಾಥ: ಲಾರಿ ನಿಲ್ಸಿ ಸರ್. ಇನ್ನೂ ಹಸಿ ಇದೆ. ಚೀಟೀಲಿ ತೇವ 11 ಪರ್ಸೆಂಟ್ ಅಂತ ಬರೆದ ಮಹಾಶಯ ಯಾರು?

ಮ್ಯಾನೇಜರ್: (ಹೊತ್ತು ಬಿಟ್ಟು) ನಾನು.

ಮಂಜುನಾಥ: ಅಕ್ಷರ ಚೆನ್ನಾಗಿದೆ ಸರ್.

ಮ್ಯಾನೇಜರ್: ಇರ್ಲಿ. ತೋಟದಲ್ಲಿ ಕಳ್ಳ ಲೆಕ್ಕ ನಡೀತಿದ್ರೆ ಹೆಂಗೆ ಹಿಡೀತೀಯ?

ಮಂಜುನಾಥ: ಎರಡು ಪುಸ್ತಕ ಅಕ್ಕಪಕ್ಕ ಇಟ್ರೆ ಸಾಕು. (ಮಳೆ ಪುಸ್ತಕ, ಡೀಸೆಲ್ ಪುಸ್ತಕ ಇಡುತ್ತಾನೆ.) ನೋಡಿ, ಮಂಗಳವಾರ ಮಳೆ 1 ಇಂಚು 20 ಸೆಂಟ್ಸ್. ಒಳ್ಳೇ ಹೂ ಮಳೆ. ಅವತ್ತೇ ಸ್ಪ್ರಿಂಕ್ಲರ್‌ಗೆ 200 ಲೀಟರ್ ಡೀಸೆಲ್. ಮಳೆಗೇ ನೀರು ಹೊಡೆದ್ರಾ ಸರ್?

ಮ್ಯಾನೇಜರ್: ಅದು... ಮೇಲಿನ ಬ್ಲಾಕಿಗೆ ಮಳೆ ಬಿದ್ದಿರ್ಲಿಲ್ಲ.

ಮಂಜುನಾಥ: ಮಳೆ ಮಾಪಕ ಇರೋದೇ ಮೇಲಿನ ಬ್ಲಾಕಲ್ಲಿ. ಈಗ ನೋಡ್ಕೊಂಡೇ ಬಂದೆ.

ಮ್ಯಾನೇಜರ್ ನೀರು ಕುಡಿಯುತ್ತಾನೆ. ಲೋಟ ಖಾಲಿ. ಆದರೂ ಕುಡಿಯುತ್ತಾನೆ.

ಮಂಜುನಾಥ: (ಚೆಕ್‌ರೋಲ್ ತೆರೆದು, ಖುಷಿಯಾಗಿ) ಅರೆ! ಮೆಣಸು ಕುಯ್ಯೋರ ಪಟ್ಟೀಲಿ ಕೆಂಚಮ್ಮ! ನಮ್ಮತ್ತೆ!

ಮ್ಯಾನೇಜರ್: ಹಾಂ, ನಿಯತ್ತಿನ ಆಳು. ಒಂದಿನ ತಪ್ಸಲ್ಲ.

ಮಂಜುನಾಥ: ಹೋದ ವರ್ಷ ತಿಥಿ ಮಾಡಿದ್ವಿ ಸರ್. ವಡೆ ಬಡಿಸಿದ್ದೇ ನಾನು.

ಮ್ಯಾನೇಜರ್: ಬೇರೆ ಕೆಂಚಮ್ಮ ಇರ್ಬೇಕು!

ಮಂಜುನಾಥ: ಲೈನ್ ಮನೆ ನಂಬರ್ ಅದೇ ಇದೆ. ಆದ್ರೆ ಅತ್ತೆ ಸಹಿ ಹಾಕೋರು. ಸತ್ತಮೇಲೆ ಹೆಬ್ಬೆಟ್ಟಿಗೆ ಬಂದ್ಬಿಟ್ರಾ?

ಇಬ್ಬರ ಕಣ್ಣೂ ಮ್ಯಾನೇಜರನ ಎಡಗೈ ಮೇಲೆ. ಹೆಬ್ಬೆರಳು ನೇರಳೆ ಬಣ್ಣ. ಆತ ಕೈಯನ್ನು ಬಿಳಿ ಅಂಗಿಯ ಜೇಬಿಗೆ ತುರುಕುತ್ತಾನೆ. ಜೇಬೂ ನೇರಳೆಯಾಗುತ್ತದೆ.

ಮ್ಯಾನೇಜರ್: ಸಂಬಳ ಎಷ್ಟಪ್ಪಾ ಬೇಕು?

ಮಂಜುನಾಥ: ಅತ್ತೇದು ಎಷ್ಟು ಬರ್ತಿದೆ ಸರ್?

ಫೋನು ರಿಂಗಾಗುತ್ತದೆ. ಮ್ಯಾನೇಜರ್ ಅಲುಗುವುದಿಲ್ಲ. ಮಂಜುನಾಥ ಫೋನೆತ್ತುತ್ತಾನೆ, ವೈರು ಎಳೆದುಕೊಂಡು ಹೋಗಿ ದೊಡ್ಡ ಕುರ್ಚಿಯಲ್ಲೇ ಕೂರುತ್ತಾನೆ.

ಮಂಜುನಾಥ: ನಮಸ್ಕಾರ ಸಾವ್ಕಾರ್ರೆ... ಹೌದು, ಇಂಟರ್‌ವ್ಯೂ ನಡೀತಿದೆ... ಮ್ಯಾನೇಜರ್ರಿಗೆ ಕೊಡೋಕಾಗಲ್ಲ, ಕೈ ಜೇಬಲ್ಲಿದೆ. ಸ್ಪೀಕರ್ ಹಾಕ್ಲಾ?

ಕತ್ತಲು.