ಗೋಡೆಗೆ ಹೋಗುವ ಮುನ್ನ: ತಿದ್ದಿ ಬರೆದ ಪೋಸ್ಟರ್ ಪಠ್ಯ

ಪಣಜಿ, ಭಾನುವಾರ

ಪ್ರೀತಿಯ ತಂಗಿಗೆ,

ಮುಂಬಯಿಯ ಕನ್ನಡ ವಿಜ್ಞಾನ ಗೋಷ್ಠಿಗೆಂದು ನೀನು ಕಳುಹಿಸಿದ ಪೋಸ್ಟರ್‌ನ ಕರಡನ್ನು ನಿನ್ನೆ ರಾತ್ರಿ ಎರಡು ಸಲ ಓದಿದೆ. ಖಜಾನ್ ಗದ್ದೆಗಳ ವಿಚಾರದಲ್ಲಿ ನಿನ್ನ ತಿಳಿವಳಿಕೆಯ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ. ಆದರೆ ಪೋಸ್ಟರ್ ಎರಡು ದಿನ ಗೋಡೆಯ ಮೇಲಿರುತ್ತದೆ, ನೀನು ಅದರ ಪಕ್ಕದಲ್ಲಿ ನಿಲ್ಲುವುದು ಮೊದಲ ದಿನದ ಒಂದೇ ಒಂದು ಗಂಟೆ. ಉಳಿದ ಹೊತ್ತಿನಲ್ಲಿ ಒಂದು ಕೈಯಲ್ಲಿ ಚಹಾದ ಲೋಟ, ಇನ್ನೊಂದು ಕೈಯಲ್ಲಿ ಬಿಸ್ಕತ್ತು ಹಿಡಿದು ಬರುವವರು ಅದನ್ನು ತಾವೇ ಓದಿ, ತಾವೇ ಅರ್ಥ ಮಾಡಿಕೊಂಡು ಹೋಗಬೇಕು. ನಿನ್ನ ಕರಡು ನೀನು ಪಕ್ಕದಲ್ಲಿದ್ದರೆ ಮಾತ್ರ ಮಾತಾಡುತ್ತದೆ. ಆದ್ದರಿಂದ ತಿದ್ದುವ ಬದಲು ಪಠ್ಯವನ್ನು ಮೊದಲಿನಿಂದ ಬರೆದಿದ್ದೇನೆ. ನಿನ್ನ ಒಪ್ಪಿಗೆ ಬೇಕೆನಿಸಿದ ಕಡೆ ಮಾತ್ರ ನಡುವೆ ನನ್ನ ಮಾತು ಸೇರಿಸಿದ್ದೇನೆ.

ಮೊದಲು ಶೀರ್ಷಿಕೆ. ನಿನ್ನದು ಹೀಗಿತ್ತು: ‘ಗೋವಾ ರಾಜ್ಯದ ಅಳಿವೆ ಪ್ರದೇಶಗಳ ಪಾರಂಪರಿಕ ಖಜಾನ್ ಭೂಬಳಕೆ ವ್ಯವಸ್ಥೆಯಲ್ಲಿ ತೂಬುಗಳ ಜಲನಿಯಂತ್ರಣಾತ್ಮಕ ಪಾತ್ರ: ಒಂದು ಅಧ್ಯಯನ’. ಇದರಲ್ಲಿ ತಪ್ಪೇನೂ ಇಲ್ಲ, ಆದರೆ ನೀನು ಕಂಡುಕೊಂಡ ಸಂಗತಿಯೂ ಇಲ್ಲ. ಹೊಸ ಪಠ್ಯ ಹೀಗೆ ಶುರುವಾಗುತ್ತದೆ.

ಯಾರೂ ಮುಟ್ಟದೆ ತೆರೆಯುವ ಬಾಗಿಲು
ಗೋವಾದ ಖಜಾನ್ ಗದ್ದೆಗಳನ್ನು ಉಪ್ಪುನೀರಿನಿಂದ ಕಾಯುವ ಮರದ ತೂಬು

ಒಂದು ನಿಮಿಷವಿದ್ದರೆ ಇಷ್ಟು ಓದಿ
ಗೋವಾದ ನದಿಗಳ ಅಂಚಿನಲ್ಲಿ, ಉಬ್ಬರದ ಮಟ್ಟಕ್ಕಿಂತ ತಗ್ಗಿನಲ್ಲಿ ಭತ್ತ ಬೆಳೆಯುತ್ತಾರೆ. ಗದ್ದೆಗೂ ನದಿಗೂ ನಡುವೆ ಮಣ್ಣಿನ ಒಡ್ಡು, ಒಡ್ಡಿನಲ್ಲಿ ಮರದ ಬಾಗಿಲು ಇರುತ್ತದೆ. ಉಬ್ಬರ ಬಂದಾಗ ಆ ಬಾಗಿಲು ತಾನಾಗಿ ಮುಚ್ಚುತ್ತದೆ, ಇಳಿತದಲ್ಲಿ ತಾನಾಗಿ ತೆರೆಯುತ್ತದೆ. ಬಾಗಿಲು ಕೆಟ್ಟರೆ ಗದ್ದೆಗೆ ಉಪ್ಪು ನುಗ್ಗುತ್ತದೆ.

ಈ ಭಾಗ ನಿನ್ನ ಕರಡಿನಲ್ಲಿ ಇರಲೇ ಇಲ್ಲ. ಇದನ್ನು ಎಲ್ಲಕ್ಕಿಂತ ಮೇಲೆ, ಉಳಿದ ಪಠ್ಯಕ್ಕಿಂತ ಒಂದೂವರೆ ಪಟ್ಟು ದೊಡ್ಡ ಅಕ್ಷರದಲ್ಲಿ ಹಾಕು. ಬೇರೆ ಏನನ್ನೂ ಓದದೆ ಮುಂದೆ ಹೋದವರಿಗೂ ನಿನ್ನ ವಿಷಯ ತಲುಪಿರುತ್ತದೆ.

ಖಜಾನ್ ಎಂದರೆ ಯಾವ ಜಾಗ?
ಮಾಂಡವಿ, ಜುವಾರಿ ಮೊದಲಾದ ನದಿಗಳು ಸಮುದ್ರ ಸೇರುವ ಕಡೆ, ಕಾಂಡ್ಲಾ ಕಾಡು ಬೆಳೆಯುವ ಕೆಸರು ನೆಲಕ್ಕೆ ಒಡ್ಡು ಹಾಕಿ ಮಾಡಿದ ಗದ್ದೆಯೇ ಖಜಾನ್. ಉತ್ತರ ಕನ್ನಡದ ಅಘನಾಶಿನಿಯ ದಡದಲ್ಲಿ ಇಂಥದ್ದೇ ಗದ್ದೆಯನ್ನು ಗಜನಿ ಎನ್ನುತ್ತಾರೆ. ಗಜನಿಯಲ್ಲಿ ಕಗ್ಗ ಭತ್ತ ಬೆಳೆದರೆ ಖಜಾನಿನಲ್ಲಿ ಕೊರ್ಗುಟ್ ಭತ್ತ ಬೆಳೆಯುತ್ತದೆ. ಎರಡೂ ಸ್ವಲ್ಪ ಉಪ್ಪನ್ನು ತಾಳಿಕೊಳ್ಳುವ ತಳಿಗಳು.

ಗಜನಿಯ ಹೋಲಿಕೆಯನ್ನು ನೀನು ಕೊನೆಯ ಅಂಕಣದ ಕೊನೆಯ ಸಾಲಿನಲ್ಲಿ ಹುದುಗಿಸಿದ್ದೆ. ಕುಮಟೆಯ ಹುಡುಗಿ ಅದನ್ನು ಮುಚ್ಚಿಡುವುದು ನನಗೆ ಅರ್ಥವಾಗಲಿಲ್ಲ. ಆ ಗೋಷ್ಠಿಗೆ ಬರುವವರಲ್ಲಿ ಕರಾವಳಿಯವರೇ ಹೆಚ್ಚು. ‘ಗಜನಿ’ ಎಂಬ ಒಂದು ಪದ ಕಂಡರೆ ಅವರ ಕಾಲು ತಾನಾಗಿ ನಿಲ್ಲುತ್ತದೆ.

ಮುಂದಿನದು ಪೋಸ್ಟರ್‌ನ ಜೀವ, ನಾನು ಹೆಚ್ಚು ಹೊತ್ತು ಕೂತದ್ದೂ ಇಲ್ಲಿಯೇ. ನಿನ್ನ ವಾಕ್ಯ ಇದು: ‘ಒಳನೀರು ಹಾಗೂ ಹೊರನೀರಿನ ಮಟ್ಟಗಳ ವ್ಯತ್ಯಾಸದಿಂದ ಉಂಟಾಗುವ ಒತ್ತಡದ ಅಸಮತೋಲನವು ತೂಬಿನ ಬಾಗಿಲುಗಳ ಸ್ವಯಂಚಾಲಿತ ಕಾರ್ಯನಿರ್ವಹಣೆಗೆ ಕಾರಣೀಭೂತವಾಗಿರುವುದು ಗಮನಾರ್ಹವಾಗಿದೆ’. ಇದನ್ನು ಓದಿದವರಿಗೆ ಬಾಗಿಲು ಯಾವ ಕಡೆ ತೆರೆಯುತ್ತದೆ ಎಂಬುದೇ ಗೊತ್ತಾಗುವುದಿಲ್ಲ, ಅದು ಗೊತ್ತಾಗದೆ ಉಳಿದದ್ದು ಏನೂ ಗೊತ್ತಾಗುವುದಿಲ್ಲ. ಹೊಸದು ಹೀಗಿದೆ.

ಬಾಗಿಲು ತಾನಾಗಿ ಮುಚ್ಚುವುದು ಹೇಗೆ?
ಗೋವಾದಲ್ಲಿ ಈ ತೂಬನ್ನು ಮಾನಸ್ ಎನ್ನುತ್ತಾರೆ. ಅದರ ಮರದ ಹಲಗೆ ಮೇಲ್ತುದಿಯಲ್ಲಿ ಮಾತ್ರ ಚೌಕಟ್ಟಿಗೆ ಸೇರಿರುತ್ತದೆ ಮತ್ತು ನದಿಯ ಕಡೆಗೆ ಮಾತ್ರ ತೆರೆಯುತ್ತದೆ.
*ಉಬ್ಬರದಲ್ಲಿ:* ನದಿಯ ನೀರು ಗದ್ದೆಯ ನೀರಿಗಿಂತ ಮೇಲೇರುತ್ತದೆ. ಅದು ಹಲಗೆಯನ್ನು ಚೌಕಟ್ಟಿಗೆ ಒತ್ತಿ ಹಿಡಿಯುತ್ತದೆ. ಉಪ್ಪುನೀರು ಹೊರಗೇ ಉಳಿಯುತ್ತದೆ.
*ಇಳಿತದಲ್ಲಿ:* ನದಿಯ ನೀರು ತಗ್ಗುತ್ತದೆ. ಈಗ ಗದ್ದೆಯ ನೀರು ಹಲಗೆಯನ್ನು ಹೊರಕ್ಕೆ ತಳ್ಳುತ್ತದೆ. ಮಳೆಯ ನೀರು ನದಿಗೆ ಹರಿದುಹೋಗುತ್ತದೆ.
ಬಾಗಿಲು ಮುಚ್ಚಿರುವಾಗ ಸುರಿದ ಮಳೆ ಒಡ್ಡಿನ ಒಳಗಿನ ಹೊಂಡದಲ್ಲಿ ನಿಂತು ಮುಂದಿನ ಇಳಿತಕ್ಕೆ ಕಾಯುತ್ತದೆ.

ಇದರ ಪಕ್ಕದಲ್ಲಿ ಎರಡೇ ಚಿತ್ರಗಳು ಸಾಕು: ಒಂದರಲ್ಲಿ ಮುಚ್ಚಿದ ಬಾಗಿಲು, ಇನ್ನೊಂದರಲ್ಲಿ ತೆರೆದ ಬಾಗಿಲು. ನೀನು ಹಾಕಿದ್ದ ಆರು ಫೋಟೊಗಳಲ್ಲಿ ನಾಲ್ಕು ಸೂರ್ಯಾಸ್ತದವು, ಚೆನ್ನಾಗಿವೆ, ಮನೆಯಲ್ಲಿಟ್ಟುಕೋ. ಚಿತ್ರದ ಕೆಳಗೆ ‘ಚಿತ್ರ 1: ತೂಬಿನ ರಚನೆ’ ಎಂದು ಬರೆಯುವ ಬದಲು ಹೀಗಿರಲಿ: ಎಡಗಡೆ ನದಿ, ಬಲಗಡೆ ಗದ್ದೆ. ನದಿಯ ಮಟ್ಟ ಹೆಚ್ಚಾಗಿರುವುದರಿಂದ ಬಾಗಿಲು ಮುಚ್ಚಿದೆ. ಎರಡನೆಯದಕ್ಕೆ: ನದಿ ಇಳಿದಿದೆ. ಗದ್ದೆಯ ನೀರು ಬಾಗಿಲನ್ನು ತಳ್ಳಿಕೊಂಡು ಹೊರಟಿದೆ. ಒತ್ತಡದ ಸಮೀಕರಣವನ್ನು ತೆಗೆದುಹಾಕಿದ್ದೇನೆ. ಕೇಳಿದವರಿಗೆ ಹೇಳಲು ಅದು ನಿನ್ನ ನೋಟ್‌ಬುಕ್ಕಿನಲ್ಲಿದ್ದರೆ ಸಾಕು.

ನಾವು ನೋಡಿದ್ದು
ಅಕ್ಟೋಬರಿನ ಒಂದು ದಿನ, ಕಟಾವಿಗೆ ಮುಂಚೆ, ಜುವಾರಿಯ ದಡದ ಒಂದು ತೂಬಿನ ಬಳಿ ಬೆಳಗಿನಿಂದ ರಾತ್ರಿಯವರೆಗೆ ಕುಳಿತೆವು. ಗದ್ದೆಯ ಕಡೆಯ ನೀರಿನಲ್ಲಿ ಒಂದು ತೆಂಗಿನ ಸಿಪ್ಪೆಯನ್ನು ತೇಲಿಬಿಟ್ಟು ಹರಿವನ್ನು ಗಮನಿಸಿದೆವು. ಸಿಪ್ಪೆ ಬಾಗಿಲಿನ ಕಡೆಗೆ ಸಾಗುತ್ತ ನಿಧಾನವಾಗಿ ನಿಂತಿತು. ಅದಾಗಿ ಸ್ವಲ್ಪ ಹೊತ್ತಿನಲ್ಲಿ, ಬೆಳಗ್ಗೆ 7:40ಕ್ಕೆ, ಬಾಗಿಲು ಮುಚ್ಚಿತು. ಮಧ್ಯಾಹ್ನ 12:50ಕ್ಕೆ ತೆರೆಯಿತು. ರಾತ್ರಿ 8:05ಕ್ಕೆ ಮತ್ತೆ ಮುಚ್ಚಿತು.
ಮೊದಲ ಸಲ ಮುಚ್ಚಿದ್ದಕ್ಕೂ ಎರಡನೆಯ ಸಲ ಮುಚ್ಚಿದ್ದಕ್ಕೂ ನಡುವೆ 12 ಗಂಟೆ 25 ನಿಮಿಷ ಕಳೆದಿತ್ತು. ಈ ಕರಾವಳಿಯಲ್ಲಿ ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಆಗುವ ಅಂತರವೂ ಸುಮಾರು ಅಷ್ಟೇ. ಇಡೀ ದಿನ ಯಾರೂ ಬಾಗಿಲನ್ನು ಮುಟ್ಟಲಿಲ್ಲ.
*ಇದು ಒಂದು ತೂಬಿನ, ಒಂದು ದಿನದ ವೀಕ್ಷಣೆ. ಎಲ್ಲ ತೂಬುಗಳೂ ಹೀಗೆಯೇ ಕೆಲಸ ಮಾಡುತ್ತವೆ ಎಂದು ಇದರಿಂದ ಹೇಳಲಾಗದು.*

ಕೊನೆಯ ಓರೆ ಅಕ್ಷರದ ಸಾಲನ್ನು ದಯವಿಟ್ಟು ತೆಗೆಯಬೇಡ. ನೀನು ಪಕ್ಕದಲ್ಲಿದ್ದರೆ ಬಾಯಿಮಾತಿನಲ್ಲಿ ಹೇಳಿಬಿಡುತ್ತಿದ್ದೆ. ನೀನಿಲ್ಲದಾಗ ಆ ಮಾತನ್ನು ಕಾಗದವೇ ಹೇಳಬೇಕು. ತೆಂಗಿನ ಸಿಪ್ಪೆಯನ್ನು ನಿನ್ನ ಕರಡಿನಲ್ಲಿ ‘ತೇಲುವ ಸೂಚಕ’ ಎಂದು ಬರೆದಿದ್ದೆ, ಅದನ್ನು ಮತ್ತೆ ಸಿಪ್ಪೆಯನ್ನಾಗಿ ಮಾಡಿದ್ದೇನೆ. ಅದರಿಂದ ವಿಜ್ಞಾನದ ಘನತೆಗೆ ಏನೂ ಕುಂದಿಲ್ಲ.

ವರ್ಷವಿಡೀ ಒಂದೇ ನೆಲ, ಬೇರೆ ಬೇರೆ ಬಳಕೆ
ಮಳೆಗಾಲದಲ್ಲಿ ಮಳೆಯ ನೀರು ಮಣ್ಣಿನ ಉಪ್ಪನ್ನು ತೊಳೆಯುತ್ತದೆ. ಆಗ ಭತ್ತ ಬೆಳೆಯುತ್ತಾರೆ. ಕಟಾವಿನ ನಂತರ ಹಲವು ಕಡೆ ಉಪ್ಪುನೀರನ್ನು ಬೇಕೆಂದೇ ಒಳಗೆ ಬಿಟ್ಟುಕೊಂಡು ಮೀನು, ಸಿಗಡಿ ಹಿಡಿಯುತ್ತಾರೆ. ಇಳಿತದ ನೀರಿನೊಂದಿಗೆ ಹೊರಡುವ ಮೀನಿಗೆ ತೂಬಿನ ಬಾಯಿಯಲ್ಲೇ ಬಲೆ ಕಟ್ಟುತ್ತಾರೆ.

ಒಡ್ಡು ಯಾರ ಹೊಣೆ?
ಮೊದಲು ಊರಿನ ಗಾಂವ್‌ಕಾರಿ ಸಂಸ್ಥೆಯೇ ಒಡ್ಡು, ತೂಬುಗಳನ್ನು ನೋಡಿಕೊಳ್ಳುತ್ತಿತ್ತು. ಊರುಗಳ ಇಂಥ ಪದ್ಧತಿಗಳನ್ನು ಪೋರ್ಚುಗೀಸರು 1526ರಲ್ಲಿ ಬರಹಕ್ಕೆ ಇಳಿಸಿದರು. 1964ರ ಕೃಷಿ ಗೇಣಿ ಕಾನೂನಿನ ನಂತರ ಈ ಹೊಣೆ ಗೇಣಿದಾರರ ಸಂಘಗಳ ಮೇಲೆ ಬಂತು.

ಇತಿಹಾಸಕ್ಕೆ ನೀನು ಒಂದು ಇಡೀ ಅಂಕಣ ಕೊಟ್ಟಿದ್ದೆ. ನಾನು ಮೂರು ವಾಕ್ಯಕ್ಕೆ ಇಳಿಸಿದ್ದೇನೆ. ಸಿಟ್ಟಾಗಬೇಡ, ಅದು ಇನ್ನೊಂದು ಪೋಸ್ಟರ್.

ಬಾಗಿಲು ಕೆಟ್ಟರೆ ಏನಾಗುತ್ತದೆ?
ಹಲಗೆ ಕೊಳೆತರೆ, ಏಡಿಗಳು ಒಡ್ಡಿನಲ್ಲಿ ಬಿಲ ತೋಡಿದರೆ, ಅಥವಾ ಮೀನಿನ ಆಸೆಗೆ ಭತ್ತದ ಕಾಲದಲ್ಲೂ ಬಾಗಿಲನ್ನು ತೆರೆದಿಟ್ಟರೆ ಉಬ್ಬರದ ನೀರು ಗದ್ದೆಗೆ ನುಗ್ಗುತ್ತದೆ. ಹಾಗೆ ಸೇರಿದ ಉಪ್ಪನ್ನು ತೊಳೆಯಲು ಮತ್ತೆ ಮಳೆಯೇ ಬೇಕು. ಮಳೆ ಮುಗಿಯುವ ಹೊತ್ತಿಗೆ ಬಾಗಿಲು ಕೆಟ್ಟರೆ ಮುಂದಿನ ಮಳೆಗಾಲದವರೆಗೆ ಕಾಯಬೇಕಾಗುತ್ತದೆ.

ಈ ಪೋಸ್ಟರ್‌ನಲ್ಲಿ ಬಂದ ಪದಗಳು
ಉಬ್ಬರ: ಸಮುದ್ರದ ನೀರು ಏರುವುದು. ಇಳಿತ: ಅದೇ ನೀರು ತಗ್ಗುವುದು. ಒಡ್ಡು: ನೀರನ್ನು ತಡೆಯುವ ಮಣ್ಣಿನ ದಿಬ್ಬ. ಮಾನಸ್: ಒಡ್ಡಿನಲ್ಲಿರುವ ತೂಬು. ಕೊರ್ಗುಟ್: ಉಪ್ಪು ತಾಳುವ ಗೋವಾದ ಭತ್ತದ ತಳಿ. ಕಗ್ಗ: ಉಪ್ಪು ತಾಳುವ ಉತ್ತರ ಕನ್ನಡದ ಭತ್ತದ ತಳಿ.

ಪಠ್ಯ ಇಲ್ಲಿಗೆ ಮುಗಿಯಿತು. ‘ಉಪಸಂಹಾರ’ ಎಂಬ ಭಾಗವನ್ನು ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ಅದರಲ್ಲಿದ್ದದ್ದೆಲ್ಲ ಈಗ ಮೊದಲ ಭಾಗದಲ್ಲಿಯೇ ಇದೆ. ಕೃತಜ್ಞತೆಯಲ್ಲಿ ಹನ್ನೊಂದು ಜನರಿದ್ದರು. ಆ ದಿನ ನಮಗೆ ಒಡ್ಡಿನ ಮೇಲೆ ಕೂರಲು ಜಾಗ ಕೊಟ್ಟು, ಮಧ್ಯಾಹ್ನ ಗಂಜಿ ಹಾಕಿದ ರೈತ ಕುಟುಂಬ ಮಾತ್ರ ಆ ಪಟ್ಟಿಯಲ್ಲಿರಲಿಲ್ಲ. ಆದ್ದರಿಂದ ಅದನ್ನು ಹೀಗೆ ಬರೆದಿದ್ದೇನೆ: ತಮ್ಮ ಗದ್ದೆಯ ತೂಬನ್ನು ಇಡೀ ದಿನ ನೋಡಲು ಬಿಟ್ಟ ರೈತ ಕುಟುಂಬಕ್ಕೆ, ಮತ್ತು ಲೆಕ್ಕಗಳನ್ನು ಪರಿಶೀಲಿಸಿದ ಸಹೋದ್ಯೋಗಿಗಳಿಗೆ ನಾವು ಋಣಿ.

ಎ0 ಹಾಳೆಯ ಅಳತೆ 841 x 1189 ಮಿಲಿಮೀಟರ್. ಈ ಪಠ್ಯ ಅದರಲ್ಲಿ ಎರಡು ಅಂಕಣಗಳಿಗೆ ಹಿಡಿಸುತ್ತದೆ, ಸುತ್ತಲೂ ಖಾಲಿ ಜಾಗವೂ ಉಳಿಯುತ್ತದೆ. ಆ ಖಾಲಿ ಜಾಗ ನೋಡಿ ಇನ್ನೊಂದು ಕೋಷ್ಟಕ ಸೇರಿಸಲು ಹೋಗಬೇಡ. ಮುದ್ರಣಕ್ಕೆ ಕೊಡುವ ಮೊದಲು ನಿನ್ನ ಕೋಣೆಯ ಗೋಡೆಗೆ ಒಂದು ಪ್ರತಿ ಅಂಟಿಸಿ, ನಿನ್ನ ವಿಷಯದ ಗಂಧವೂ ಇಲ್ಲದ ಯಾರನ್ನಾದರೂ ಒಳಗೆ ಕರೆದು, ನೀನು ಹೊರಗೆ ಹೋಗಿ ನಿಲ್ಲು. ಅವರು ಹೊರಬಂದು ‘ಬಾಗಿಲು ಯಾವ ಕಡೆ ತೆರೆಯುತ್ತದೆ’ ಎಂದು ನಿನಗೇ ಸರಿಯಾಗಿ ಹೇಳಿದರೆ ಮುದ್ರಣಕ್ಕೆ ಕೊಡು. ಮಂಗಳವಾರ ಸಂಜೆಯೊಳಗೆ ಉತ್ತರ ಬರೆ. ಬುಧವಾರ ನನಗೆ ಮಡಗಾಂವಿಗೆ ಹೋಗುವುದಿದೆ, ಅಲ್ಲಿಯ ಮುದ್ರಣದ ಅಂಗಡಿಗೆ ಪೆನ್‌ಡ್ರೈವ್ ನಾನೇ ಕೊಟ್ಟು ಬರುತ್ತೇನೆ.

ನಿನ್ನ ಅಕ್ಕ