ಲಿಫ್ಟ್ ನಿರ್ವಹಣೆ ಒಪ್ಪಂದ ಮಾರ್ಚ್ 31ಕ್ಕೆ ಮುಗಿಯುತ್ತದೆ: ನಿಮ್ಮ ತೀರ್ಮಾನ ಮಾರ್ಚ್ 23ರೊಳಗೆ ಬೇಕು

ಬೆಂಗಳೂರು
23 ಫೆಬ್ರವರಿ 2026, ಸೋಮವಾರ

ಕಾರ್ಯದರ್ಶಿಯವರಿಗೆ,
ಅಪಾರ್ಟ್‌ಮೆಂಟ್ ನಿವಾಸಿಗಳ ಸಂಘ,
ಬನಶಂಕರಿ 3ನೇ ಹಂತ

ನಮಸ್ಕಾರ ಮೇಡಂ,

ನಿಮ್ಮ ಎರಡೂ ಲಿಫ್ಟ್‌ಗಳ ವಾರ್ಷಿಕ ನಿರ್ವಹಣೆ ಒಪ್ಪಂದ 31 ಮಾರ್ಚ್ 2026, ಮಂಗಳವಾರ ರಾತ್ರಿ 12ಕ್ಕೆ ಮುಗಿಯುತ್ತದೆ. ಮುಂದುವರಿಸುತ್ತೀರೋ ಇಲ್ಲವೋ, ಮುಂದುವರಿಸುವುದಾದರೆ ಕೆಳಗಿನ ಮೂರರಲ್ಲಿ ಯಾವುದು ಎಂಬುದನ್ನು ಮಾರ್ಚ್ 23, ಸೋಮವಾರ ಸಂಜೆ 5 ಗಂಟೆಯೊಳಗೆ ತಿಳಿಸಿ. ನಿಮ್ಮ ತಿಂಗಳ ಸಭೆ ಮಾರ್ಚ್ 8ರ ಭಾನುವಾರ ಇದೆ ಅಂತ ವಾಚ್‌ಮನ್ ಹೇಳಿದರು. ಕರೆದರೆ ನಾನೇ ಬಂದು ಉತ್ತರ ಕೊಡುತ್ತೇನೆ. 19ಕ್ಕೆ ಯುಗಾದಿ, ಅರ್ಧ ಜನ ಊರಿಗೆ ಹೋಗಿರುತ್ತಾರೆ. ಹಾಗಾಗಿ 8ರ ಸಭೆಯಲ್ಲೇ ಈ ವಿಷಯ ಎತ್ತಿಕೊಂಡರೆ ಒಳ್ಳೆಯದು.

ಮೊದಲು ಕಳೆದ ವರ್ಷದ ಲೆಕ್ಕ. ಲಿಫ್ಟ್ ಒಂದಕ್ಕೆ 42,000 ರೂಪಾಯಿಯಂತೆ ಎರಡಕ್ಕೆ 84,000, ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿ ನೀವು ಕೊಟ್ಟಿದ್ದು 99,120 ರೂಪಾಯಿ. ನಾವು ಹಾಕಿದ ಪಾರ್ಟ್‌ಗಳು ಇಷ್ಟು: ಗೇಟ್ ಕಡೆಯ ಲಿಫ್ಟ್‌ಗೆ ಬಾಗಿಲಿನ ಸೆನ್ಸರ್ 7,500, ಹಿಂದಿನ ಲಿಫ್ಟ್‌ನ ಎಆರ್‌ಡಿಗೆ ಹೊಸ ಬ್ಯಾಟರಿಗಳು 9,800, ಬ್ರೇಕಿನ ಕಾಂಟ್ಯಾಕ್ಟರ್ ಮತ್ತು ಬಾಗಿಲಿನ ರೋಲರ್‌ಗಳು 4,200. ಒಟ್ಟು 21,500. ಕರೆಂಟ್ ಹೋದಾಗ ಲಿಫ್ಟನ್ನು ಹತ್ತಿರದ ಮಹಡಿಗೆ ತಂದು ಬಾಗಿಲು ತೆಗೆಯುವುದು ಆ ಎಆರ್‌ಡಿಯೇ. ಅದರ ಬ್ಯಾಟರಿ ಸತ್ತಿದೆ ಅಂತ ಗೊತ್ತಾಗುವುದು ಕರೆಂಟ್ ಹೋದ ದಿನ. ಅದಕ್ಕೇ ಪ್ರತಿ ತಿಂಗಳೂ ನಮ್ಮ ಹುಡುಗ ಮೇನ್ ಸ್ವಿಚ್ ಇಳಿಸಿ ನೋಡುತ್ತಾನೆ. ಆ ಎರಡು ನಿಮಿಷಕ್ಕೆ ಮೇಲಿನಿಂದ ಯಾರಾದರೂ ಬೈಯುವುದು ಮಾಮೂಲು.

ಒಂದು ತಪ್ಪನ್ನೂ ನಾವೇ ಹೇಳಬೇಕು. ಕಳೆದ ಸೆಪ್ಟೆಂಬರ್‌ನಲ್ಲಿ ಒಂದು ಸಂಜೆ ಜೋರು ಮಳೆ. ಹಿಂದಿನ ಲಿಫ್ಟ್ ಎರಡನೇ ಮತ್ತು ಮೂರನೇ ಮಹಡಿಯ ನಡುವೆ ನಿಂತಿತು. ಒಳಗೆ ನಾಲ್ಕನೇ ಮಹಡಿಯ ಅಜ್ಜಿ, ಕೈಯಲ್ಲಿ ತರಕಾರಿ ಚೀಲ. ನಮ್ಮ ಟೆಕ್ನಿಷಿಯನ್ ರಾಜಾಜಿನಗರದಿಂದ ಹೊರಟು ನಾಯಂಡಹಳ್ಳಿ ಹತ್ತಿರ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡ. ಅವರನ್ನು ಹೊರಗೆ ಕರೆತರುವಷ್ಟರಲ್ಲಿ 1 ಗಂಟೆ 50 ನಿಮಿಷ ಆಗಿತ್ತು. ವಾಚ್‌ಮನ್ ಹೊರಗೆ ಸ್ಟೂಲ್ ಹಾಕಿಕೊಂಡು ಅಷ್ಟೂ ಹೊತ್ತು ಅವರ ಜೊತೆ ಮಾತಾಡುತ್ತಾ ಕೂತಿದ್ದರು. ಬ್ಯಾಟರಿ ಹಾಕಿದ್ದು ಇದಾದ ಮೇಲೆ. ಮೊದಲೇ ಹಾಕಬೇಕಿತ್ತು. ಹೊಸ ಷರತ್ತುಗಳಲ್ಲಿ ಮುಖ್ಯವಾದ ಬದಲಾವಣೆ ಬಂದಿರುವುದು ಆ ಸಂಜೆಯಿಂದಲೇ.

ಈಗಿನ ಒಪ್ಪಂದದಲ್ಲಿ "ಆದಷ್ಟು ಬೇಗ ಬರುತ್ತೇವೆ" ಅಂತ ಬರೆದಿದೆ. ಅದಕ್ಕೆ ಅರ್ಥವೇ ಇಲ್ಲ, ಅಲ್ವಾ? ಏಪ್ರಿಲ್‌ನಿಂದ ಗಡುವು ಹಾಕಿಕೊಳ್ಳುತ್ತಿದ್ದೇವೆ. ಒಳಗೆ ಜನ ಸಿಕ್ಕಿಕೊಂಡಿದ್ದರೆ ಹಗಲಾಗಲಿ ರಾತ್ರಿಯಾಗಲಿ 45 ನಿಮಿಷ. ಲಿಫ್ಟ್ ಸುಮ್ನೆ ನಿಂತಿದ್ದರೆ ಬೆಳಗ್ಗೆ 6ರಿಂದ ರಾತ್ರಿ 10ರವರೆಗೆ 3 ಗಂಟೆ. ಅದಾದ ಮೇಲಿನ ಕರೆಗೆ ಮಾರನೇ ದಿನ ಬೆಳಗ್ಗೆ. ತಡವಾದರೆ ಪ್ರತಿ ಸಲಕ್ಕೂ 1,000 ರೂಪಾಯಿ ಮುಂದಿನ ಬಿಲ್ಲಿನಲ್ಲಿ ಕಡಿತ, ನೀವು ಕೇಳದಿದ್ದರೂ. ಇದಕ್ಕಾಗಿ ಕತ್ರಿಗುಪ್ಪೆಯಲ್ಲೇ ಒಬ್ಬ ಟೆಕ್ನಿಷಿಯನ್ ಇರುವ ಹಾಗೆ ಮಾಡಿದ್ದೇವೆ. ದರ ಏರಿರುವುದಕ್ಕೆ ಅದೂ ಒಂದು ಕಾರಣ. ಇನ್ನೊಂದು, 2024ರ ಏಪ್ರಿಲ್‌ನಿಂದ ನಾವು ದರ ಮುಟ್ಟಿಲ್ಲ.

ಈಗ ಮೂರು ದಾರಿಗಳು.

ಒಂದು: ಪಾರ್ಟ್ ಸಮೇತ, 1 ವರ್ಷ. ಲಿಫ್ಟ್ ಒಂದಕ್ಕೆ 46,500. ಎರಡಕ್ಕೆ 93,000, ಜಿಎಸ್‌ಟಿ 16,740, ಒಟ್ಟು 1,09,740 ರೂಪಾಯಿ. ಹಳೆಯದಕ್ಕಿಂತ 10,620 ಜಾಸ್ತಿ. 32 ಮನೆಗೆ ಹಂಚಿದರೆ ಮನೆಗೆ ತಿಂಗಳಿಗೆ 27 ರೂಪಾಯಿ ಚಿಲ್ಲರೆ. ಡ್ರೈವ್, ಕಂಟ್ರೋಲರ್ ಬೋರ್ಡ್, ಬಾಗಿಲಿನ ಮೋಟರ್, ಸೆನ್ಸರ್, ಬ್ಯಾಟರಿ ಎಲ್ಲ ನಮ್ಮ ಲೆಕ್ಕ. ಆದರೆ ಈ ಸಲ ರೋಪ್ ಬದಲಿಸಬೇಕಾದರೆ ಅರ್ಧ ನಿಮ್ಮದು, ಅರ್ಧ ನಮ್ಮದು.

ಎರಡು: ಲೇಬರ್ ಮಾತ್ರ, 1 ವರ್ಷ. ಲಿಫ್ಟ್ ಒಂದಕ್ಕೆ 24,000. ಎರಡಕ್ಕೆ ಜಿಎಸ್‌ಟಿ ಸೇರಿ 56,640. ತಿಂಗಳ ಸರ್ವಿಸ್, ತುರ್ತು ಕರೆ, 45 ನಿಮಿಷದ ಗಡುವು ಎಲ್ಲ ಇರುತ್ತದೆ. ಪಾರ್ಟಿನ ದುಡ್ಡು ಮಾತ್ರ ನಿಮ್ಮದು. 2,000 ರೂಪಾಯಿವರೆಗೆ ಕೇಳದೆ ಹಾಕುತ್ತೇವೆ. ಅದಕ್ಕಿಂತ ಹೆಚ್ಚಾದರೆ ಕೊಟೇಶನ್ ಕಳಿಸಿ, ನಿಮ್ಮ ಒಪ್ಪಿಗೆ ಬಂದ ಮೇಲೆ ಕೆಲಸ.

ಮೂರು: ಪಾರ್ಟ್ ಸಮೇತ, 3 ವರ್ಷ. ಲಿಫ್ಟ್ ಒಂದಕ್ಕೆ ವರ್ಷಕ್ಕೆ 44,500. ಎರಡಕ್ಕೆ ಜಿಎಸ್‌ಟಿ ಸೇರಿ ವರ್ಷಕ್ಕೆ 1,05,020. ನಮ್ಮ ದರ 31 ಮಾರ್ಚ್ 2029ರವರೆಗೆ ಬದಲಾಗುವುದಿಲ್ಲ. ಸರ್ಕಾರ ಜಿಎಸ್‌ಟಿ ಬದಲಿಸಿದರೆ ಅಷ್ಟು ಮಾತ್ರ ಹೆಚ್ಚು ಕಡಿಮೆ ಆಗುತ್ತದೆ. ರೋಪ್ ಪೂರ್ತಿ ನಮ್ಮದು. ಮಧ್ಯದಲ್ಲಿ ಬಿಡಬೇಕೆನಿಸಿದರೆ 60 ದಿನ ಮುಂಚೆ ಒಂದು ಪತ್ರ ಸಾಕು, ಉಳಿದ ದುಡ್ಡು ವಾಪಸ್. ರೋಪ್ ಹಾಕಿದ ಒಂದು ವರ್ಷದೊಳಗೆ ಬಿಟ್ಟರೆ ಮಾತ್ರ ಅದರ ಅರ್ಧ ಬೆಲೆ ಹಿಡಿದುಕೊಳ್ಳುತ್ತೇವೆ.

ಯಾವುದು ಒಳ್ಳೆಯದು ಅಂತ ಸಭೆಯಲ್ಲಿ ಕೇಳಿಯೇ ಕೇಳುತ್ತಾರೆ. ಕಳೆದ ವರ್ಷ ಒಂದನ್ನೇ ನೋಡಿದರೆ ಲೇಬರ್ ಒಪ್ಪಂದವೇ ಅಗ್ಗ. 56,640ಕ್ಕೆ ಪಾರ್ಟಿನ 21,500 ಮತ್ತು ಅದರ ಜಿಎಸ್‌ಟಿ ಸೇರಿಸಿದರೂ 82,010 ಆಗುತ್ತಿತ್ತು. ಇದನ್ನು ಮುಚ್ಚಿಡುವುದಿಲ್ಲ, ನಿಮ್ಮ ಖಜಾಂಚಿಯವರು ಹೇಗೂ ಲೆಕ್ಕ ಹಾಕುತ್ತಾರೆ. ಆದರೆ ಅದರ ಹಿಂದಿನ ವರ್ಷ ಗೇಟ್ ಕಡೆಯ ಲಿಫ್ಟ್‌ನ ಡ್ರೈವ್ ಹೋಯಿತು. ಅದೊಂದಕ್ಕೇ 52,000. ಹಿಂದಿನ ಲಿಫ್ಟ್‌ನಲ್ಲಿ ಇನ್ನೂ 2015ರ ಡ್ರೈವೇ ಇದೆ. ನಾಳೆಯೇ ಹೋಗುತ್ತದೆ ಅಂತಲ್ಲ. ಹೋದ ದಿನ ಲೇಬರ್ ಒಪ್ಪಂದವಿದ್ದರೆ, ಕೊಟೇಶನ್‌ಗೆ ಮೂರು ಜನರ ಸಹಿ ಸೇರುವವರೆಗೆ ಲಿಫ್ಟ್ ನಿಂತಿರುತ್ತದೆ. ಮಂಡಿ ನೋವಿನವರು ಮೇಲಿನ ಮಹಡಿಗಳಲ್ಲಿ ಎಷ್ಟು ಜನ ಇದ್ದಾರೆ ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ರೋಪಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಈಗಿನ ಒಪ್ಪಂದದಲ್ಲಿ ರೋಪ್ ಪೂರ್ತಿ ನಮ್ಮ ಲೆಕ್ಕ. ಅದು ಸವೆಯುವ ಹೊತ್ತಿಗೆ ಸರಿಯಾಗಿ ಷರತ್ತು ಬದಲಿಸಿದ್ದೀರಲ್ಲ ಅಂತ ನೀವು ಕೇಳಿದರೆ ನ್ಯಾಯವೇ. ಫೆಬ್ರವರಿ 12ರಂದು ಗೇಟ್ ಕಡೆಯ ಲಿಫ್ಟ್‌ನ ರೋಪಿಗೆ ವರ್ನಿಯರ್ ಹಿಡಿದು ಅಳೆದೆವು. ಹೊಸದರಲ್ಲಿ 13 ಮಿ.ಮೀ. ಇದ್ದದ್ದು ಈಗ 12.3 ಇದೆ. 12ಕ್ಕೆ ಬಂದರೆ, ಅಥವಾ ಎಳೆ ಕಿತ್ತು ಬಂದಿದ್ದು ಕಂಡರೆ, ನಾವು ಬದಲಿಸುತ್ತೇವೆ. ಮಾರ್ಚ್ 16ಕ್ಕೆ ಮತ್ತೆ ಅಳೆಯುತ್ತೇವೆ, ಬೆಳಗ್ಗೆ 11ಕ್ಕೆ. ನಿಮ್ಮ ಕಡೆಯಿಂದ ಒಬ್ಬರು ಮಷಿನ್ ರೂಮಿಗೆ ಹತ್ತಿ ಬಂದು ಅಳತೆ ಕಣ್ಣಾರೆ ನೋಡಿ, ರಿಜಿಸ್ಟರ್‌ನಲ್ಲಿ ಸಹಿ ಹಾಕಲಿ. ಅಂದು ಬದಲಿಸಬೇಕು ಅಂತ ಕಂಡರೆ ಹಳೇ ಒಪ್ಪಂದದ ಪ್ರಕಾರ ಪೂರ್ತಿ ಖರ್ಚು ನಮ್ಮದೇ, ನೀವು ಬೇರೆಯವರ ಹತ್ತಿರ ಹೋಗುವವರಾದರೂ ಸರಿ. ಇಲ್ಲದಿದ್ದರೆ ಮುಂದಿನ ವರ್ಷದೊಳಗೆ ಅದು ಬಂದೇ ಬರುತ್ತದೆ ಅಂತ ನನ್ನ ಅಂದಾಜು. ಫಿಟ್ಟಿಂಗ್ ಸೇರಿ ಒಂದು ಲಿಫ್ಟ್‌ಗೆ 38,000. ಒಂದನೇ ದಾರಿಯಲ್ಲಿ ನಿಮ್ಮ ಪಾಲು ಜಿಎಸ್‌ಟಿ ಸೇರಿ 22,420, ಎರಡನೇದರಲ್ಲಿ ಎಲ್ಲವೂ ನಿಮ್ಮದೇ, ಅಂದರೆ 44,840. ಇಷ್ಟು ನೋಡಿದ ಮೇಲೆ ನಾನಾಗಿದ್ದರೆ ಮೂರನೇದನ್ನು ಆರಿಸುತ್ತಿದ್ದೆ. ಲಿಫ್ಟ್ ನಡೆಸಿಕೊಂಡು ಹೋಗುವವರು ನೀವು, ಹಾಗಾಗಿ ಕೊನೆಯ ಮಾತು ನಿಮ್ಮದು.

ಒಂದು ಮತ್ತು ಮೂರರಲ್ಲಿ ಸೇರದ ಸಂಗತಿಗಳೂ ಇವೆ. ಪಿಟ್‌ಗೆ ಮಳೆ ನೀರು ನುಗ್ಗಿ ಆಗುವ ಹಾನಿ ಇನ್ನು ನಮ್ಮದಲ್ಲ. ಕಳೆದ ಅಕ್ಟೋಬರ್‌ನಲ್ಲಿ ಗೇಟ್ ಕಡೆಯ ಪಿಟ್‌ನಲ್ಲಿ ಒಂದು ಗೇಣು ನೀರು ನಿಂತು ಬಫರ್ ಸ್ಪ್ರಿಂಗ್ ತುಕ್ಕು ಹಿಡಿಯಿತು. ಬೇಸ್‌ಮೆಂಟ್ ಇಳಿಜಾರಿನ ಜಾಲರಿ ಚರಂಡಿ ಮಣ್ಣು ತುಂಬಿಕೊಂಡಿದೆ. ಮೇ ತಿಂಗಳ ಮಳೆಗೆ ಮುಂಚೆ ಅದನ್ನು ಎತ್ತಿಸಿ, ಪಿಟ್‌ಗೆ ಒಂದು ಸಣ್ಣ ಪಂಪ್ ಇಡಿಸಿದರೆ ಈ ಷರತ್ತನ್ನು ನಾವೇ ತೆಗೆದುಹಾಕುತ್ತೇವೆ. ಹಾಗೆಯೇ ಮನೆ ಖಾಲಿ ಮಾಡುವವರು ಬೀರು ತಳ್ಳಿ ಬಾಗಿಲು ಬಗ್ಗಿಸಿದರೆ, ಬೋರ್‌ವೆಲ್ ಮೋಟರಿನವರು ನಮ್ಮ ಪ್ಯಾನೆಲ್‌ನಿಂದ ವೈರ್ ಎಳೆದರೆ (ಎಳೆದಿದ್ದಾರೆ, ನೋಡಿದ್ದೇವೆ), ಆ ಖರ್ಚು ಸಂಘದ್ದು.

ದುಡ್ಡು ಕಟ್ಟುವುದು ಸುಲಭ ಮಾಡಿದ್ದೇವೆ. ಮೊದಲು ಆರು ತಿಂಗಳದ್ದು ಒಟ್ಟಿಗೆ ಮುಂಗಡ ಕೇಳುತ್ತಿದ್ದೆವು. ಇನ್ನು ಮೂರು ತಿಂಗಳಿಗೊಮ್ಮೆ ಸಾಕು: ಒಂದನೇದಕ್ಕೆ 27,435, ಎರಡನೇದಕ್ಕೆ 14,160, ಮೂರನೇದಕ್ಕೆ 26,255. ಮೊದಲ ಕಂತು ಏಪ್ರಿಲ್ 7ರೊಳಗೆ. ವಿದ್ಯುತ್ ಪರಿವೀಕ್ಷಣಾಲಯದ ತಪಾಸಣೆಯ ಕಾಗದ ಪತ್ರ, ಓಡಾಟ ಮೂರರಲ್ಲೂ ನಮ್ಮದು. ಸರ್ಕಾರಿ ಶುಲ್ಕ ಮೊದಲಿನಂತೆ ನೀವೇ ಕಟ್ಟಬೇಕು.

23ನೇ ತಾರೀಕು ಯಾಕೆ ಅಂದರೆ, ಏಪ್ರಿಲ್‌ನ ಸರ್ವಿಸ್ ಪಟ್ಟಿ 24ಕ್ಕೆ ಸಿದ್ಧವಾಗುತ್ತದೆ. ಮೇಲಿನ ದರಗಳೂ 23ರ ಸಂಜೆವರೆಗೆ ಮಾತ್ರ. ಉತ್ತರ ಬರದಿದ್ದರೆ ಒಪ್ಪಂದ ತಾನಾಗಿ ಮುಂದುವರಿಯುವುದಿಲ್ಲ. ಏಪ್ರಿಲ್ 1ರಿಂದ ತಿಂಗಳ ಸರ್ವಿಸ್ ನಿಲ್ಲುತ್ತದೆ; ರಿಪೇರಿಗೆ ಕರೆದರೆ ಒಂದು ಸಲಕ್ಕೆ 1,500 ಮತ್ತು ಜಿಎಸ್‌ಟಿ, ಪಾರ್ಟಿನ ಖರ್ಚು ಬೇರೆ. ಆದರೆ ಒಳಗೆ ಯಾರಾದರೂ ಸಿಕ್ಕಿಕೊಂಡರೆ ಒಪ್ಪಂದ ಇರಲಿ ಬಿಡಲಿ, ಫೋನ್ ಮಾಡಿ. ಬರುತ್ತೇವೆ. ಅದಕ್ಕೆ ದುಡ್ಡಿನ ಮಾತಿಲ್ಲ.

ಬೇರೆಯವರಿಗೆ ಕೊಡುವ ತೀರ್ಮಾನವಾದರೂ 23ರೊಳಗೆ ಒಂದು ಮಾತು ಹೇಳಿ. ಕಂಟ್ರೋಲರ್ ಪಾಸ್‌ವರ್ಡ್, ವೈರಿಂಗ್ ನಕ್ಷೆ, ಸರ್ವಿಸ್ ರಿಜಿಸ್ಟರ್, ಮಷಿನ್ ರೂಮಿನ ಬೀಗದ ಕೈ ಎಲ್ಲವನ್ನೂ ಮಾರ್ಚ್ 30ರಂದು ಹೊಸಬರ ಎದುರೇ ಒಪ್ಪಿಸುತ್ತೇವೆ. ಪಾಸ್‌ವರ್ಡ್ ಇಟ್ಟುಕೊಂಡು ಸತಾಯಿಸುವ ಪದ್ಧತಿ ಈ ಲೈನಿನಲ್ಲಿ ಇದೆ. ನಮ್ಮಲ್ಲಿಲ್ಲ.

ಉತ್ತರಕ್ಕೆ ದೊಡ್ಡ ಪತ್ರ ಬೇಡ. ಸಂಘದ ಲೆಟರ್‌ಹೆಡ್‌ನಲ್ಲಿ "ಒಂದು", "ಎರಡು", "ಮೂರು" ಅಥವಾ "ಬೇಡ" ಅಂತ ಬರೆದು, ನೀವೂ ಖಜಾಂಚಿಯವರೂ ಸಹಿ ಮಾಡಿ, ಫೋಟೋ ತೆಗೆದು ನನಗೆ ವಾಟ್ಸಾಪ್ ಮಾಡಿದರೆ ಆಯಿತು. ಮೂಲ ಪ್ರತಿಯನ್ನು ನಮ್ಮ ಹುಡುಗ ಮುಂದಿನ ಸರ್ವಿಸ್‌ಗೆ ಬಂದಾಗ ತೆಗೆದುಕೊಳ್ಳುತ್ತಾನೆ.

ಇಂತಿ,
ಸರ್ವಿಸ್ ಮ್ಯಾನೇಜರ್
ಲಿಫ್ಟ್ ನಿರ್ವಹಣೆ ವಿಭಾಗ, ರಾಜಾಜಿನಗರ

ಮರೆತಿದ್ದೆ: ಮೊದಲನೇ ಮಹಡಿಯಲ್ಲಿ ಗೇಟ್ ಕಡೆಯ ಲಿಫ್ಟ್ ಬಾಗಿಲು ಎರಡೆರಡು ಸಲ ತೆರೆದು ಮುಚ್ಚುತ್ತಿದೆ ಅಂತ ದೂರು ಬಂದಿತ್ತು. ಬಾಗಿಲಿನ ಕೆಳಗಿನ ಸಂದಿಯಲ್ಲಿ ರಂಗೋಲಿ ಪುಡಿ ಮತ್ತು ಒಂದು ಪೆನ್ಸಿಲ್ ತುಂಡು ಸಿಕ್ಕಿತು. ಶನಿವಾರ ತೆಗೆದಿದ್ದೇವೆ, ಈಗ ಸರಿಯಾಗಿದೆ.