ಹಳೇ ಪೇಪರ್ ಹಂಚಿಕೊಂಡು ಓದುವ ಪ್ಲಾನ್: ಫಿಸಿಕ್ಸ್, ನಾಲ್ಕು ಭಾನುವಾರ

ರಕ್ಷಿತಾ, ಫಾತಿಮಾ, ಶರತ್, ಡೆನ್ಜಿಲ್, ಪ್ರಜ್ವಲ್, ಐದೂ ಜನ ಪೂರ್ತಿ ಓದಿ. ಸ್ವಲ್ಪ ಉದ್ದ ಆಗಿದೆ, ಆದರೆ ಭಾನುವಾರ ಕೂತ ಮೇಲೆ "ಈಗ ಯಾರು, ಯಾವುದು" ಅಂತ ಅರ್ಧ ಗಂಟೆ ಕಳೆಯುವುದು ಬೇಡ.

ಮೊನ್ನೆ ಭಾನುವಾರ ರಕ್ಷಿತಾ ಮನೆಯಲ್ಲಿ ನಡೆದದ್ದು ನೆನಪಿದೆ ಅಲ್ವಾ? ಪ್ರಜ್ವಲ್ ಲೆನ್ಸಿನ ಪ್ರಾಬ್ಲಮ್ ಹೇಳಿಕೊಡುತ್ತಿದ್ದ. ಗಾಜಿನ ಲೆನ್ಸ್, ರಿಫ್ರ್ಯಾಕ್ಟಿವ್ ಇಂಡೆಕ್ಸ್ 1.5, ಗಾಳಿಯಲ್ಲಿ ಫೋಕಲ್ ಲೆಂತ್ 20 ಸೆಂ.ಮೀ. ನೀರಿನಲ್ಲಿಟ್ಟರೆ ಎಷ್ಟು? ನೀರಿನದ್ದು 4/3. ಅವನು 1.5ರಲ್ಲಿ 1.33 ಕಳೆದ, 60 ಸೆಂ.ಮೀ. ಅಂತ ಬರೆದ. ನಾನೂ ನನ್ನ ಪುಸ್ತಕದಲ್ಲಿ ಅದನ್ನೇ ಬರೆದುಕೊಂಡಿದ್ದೆ. ಆಗ ಶರತ್ "ಕಳೆಯೋದು ಯಾಕೆ, ಭಾಗಿಸಬೇಕಲ್ವಾ?" ಅಂತ ಕೇಳಿದ. ಎಲ್ಲರೂ ಸುಮ್ನಾದೆವು. ಫಾರ್ಮುಲಾದಲ್ಲಿರುವುದು ಸುತ್ತಲಿನ ಮಾಧ್ಯಮಕ್ಕೆ ಹೋಲಿಸಿದ ಇಂಡೆಕ್ಸ್. 1.5 ಅನ್ನು 4/3ರಿಂದ ಭಾಗಿಸಿದರೆ 1.125, ಅದರಲ್ಲಿ 1 ಕಳೆದರೆ 0.125. ಗಾಳಿಯಲ್ಲಿ ಅದು 0.5 ಇತ್ತು, ನಾಲ್ಕು ಪಟ್ಟು ಕಡಿಮೆಯಾಯಿತು, ಹಾಗಾಗಿ ಫೋಕಲ್ ಲೆಂತ್ ನಾಲ್ಕು ಪಟ್ಟು ಜಾಸ್ತಿ, ಉತ್ತರ 80 ಸೆಂ.ಮೀ. ಒಬ್ಬೊಬ್ಬರೇ ಕೂತು ಓದಿದ್ದರೆ ಆರು ಜನರಲ್ಲಿ ಎಷ್ಟು ಜನ ಪರೀಕ್ಷೆಯಲ್ಲಿ 60 ಬರೆದು ಬರುತ್ತಿದ್ದೆವೋ. ಈ ಪ್ಲಾನ್ ಮಾಡಬೇಕು ಅಂತ ನನಗೆ ಅನಿಸಿದ್ದೇ ಆವತ್ತು.

ಜಾಗ ಅದೇ, ಕುಂಜಿಬೆಟ್ಟಿನಲ್ಲಿ ರಕ್ಷಿತಾ ಮನೆ ಜಗಲಿ. ಅವಳ ಅಮ್ಮನ ಹತ್ತಿರ ಕೇಳಿದ್ದೇನೆ, ನಾಲ್ಕು ವಾರಕ್ಕೂ ಒಪ್ಪಿದ್ದಾರೆ. ಮಧ್ಯಾಹ್ನ 2.30ಕ್ಕೆ ಶುರು. ಬೆಳಿಗ್ಗೆ ಡೆನ್ಜಿಲ್‌ಗೆ ಚರ್ಚ್ ಇರುತ್ತದೆ, ಶರತ್ ಕಾಪುವಿನಿಂದ ಬಸ್ಸಿನಲ್ಲಿ ಬರಬೇಕು, ಹಾಗಾಗಿ ಊಟ ಮುಗಿಸಿಯೇ ಬನ್ನಿ. 6 ಗಂಟೆಯೊಳಗೆ ಮುಗಿಸೋಣ, ಶರತ್ ಕತ್ತಲಾಗುವ ಮೊದಲು ಬಸ್ ಹತ್ತಲಿ.

ಪೇಪರ್: 2024 ಮತ್ತು 2025ರ ದ್ವಿತೀಯ ಪಿಯುಸಿ ಬೋರ್ಡ್ ಪೇಪರ್‌ಗಳು. ವರ್ಷಕ್ಕೆ ಮೂರು ಪರೀಕ್ಷೆ ನಡೆದಿದೆ, ಒಟ್ಟು ಆರು ಪೇಪರ್. ಒಬ್ಬರಿಗೊಂದು ಪೇಪರ್ ಅಂತ ಹಂಚಿದರೆ ಸುಲಭ, ಆದರೆ ನನಗದು ಸರಿ ಕಾಣಲಿಲ್ಲ. ಒಂದೇ ದಿನ ಹದಿನಾಲ್ಕು ಚಾಪ್ಟರ್‌ನಲ್ಲಿ ತಲೆ ಓಡಿಸಿ, ಯಾವುದೂ ಗಟ್ಟಿಯಾಗುವುದಿಲ್ಲ. ಅದಕ್ಕೆ ಆರೂ ಪೇಪರಿನ ಪ್ರಶ್ನೆಗಳನ್ನು ಚಾಪ್ಟರ್ ಪ್ರಕಾರ ಬೇರೆ ಮಾಡಿದ್ದೇನೆ, ಎರಡು ರಾತ್ರಿ ಕೂತು. ವಾರಕ್ಕೊಂದು ಭಾಗ, ಒಬ್ಬರಿಗೆ ಒಂದು ದೊಡ್ಡ ಪ್ರಶ್ನೆ.

ಹಂಚುವಾಗ ಒಂದೇ ನಿಯಮ ಇಟ್ಟುಕೊಂಡೆ: ಯಾರಿಗೆ ಯಾವುದು ಕಷ್ಟವೋ ಅದು ಅವರಿಗೆ. ಚೆನ್ನಾಗಿ ಬರುವುದನ್ನೇ ಹೇಳಿಕೊಟ್ಟರೆ ಕೇಳಲು ಚಂದ, ಹೇಳುವವರಿಗೆ ಮಾತ್ರ ಏನೂ ಸಿಗುವುದಿಲ್ಲ.

ಮೊದಲ ಭಾನುವಾರ ಎಲೆಕ್ಟ್ರೋಸ್ಟ್ಯಾಟಿಕ್ಸ್ ಮತ್ತು ಕರೆಂಟ್. ರಕ್ಷಿತಾಗೆ ಡೈಪೋಲ್‌ನ ಆಕ್ಸಿಸ್ ಮೇಲೆ ಎಲೆಕ್ಟ್ರಿಕ್ ಫೀಲ್ಡ್. ಪ್ರಜ್ವಲ್‌ಗೆ ಗಾಸ್ ನಿಯಮದಿಂದ ಚಾರ್ಜ್ ಆದ ಗೋಳದ ಚಿಪ್ಪಿನ ಹೊರಗೆ ಮತ್ತು ಒಳಗೆ ಫೀಲ್ಡ್. ಶರತ್‌ಗೆ ಕೆಪಾಸಿಟರ್ ಪ್ರಾಬ್ಲಮ್, ಸೀರೀಸ್ ಪ್ಯಾರಲಲ್ ಎರಡೂ ಸೇರಿದ್ದು. ಫಾತಿಮಾಗೆ ಕಿರ್ಚಾಫ್ ನಿಯಮ ಬಳಸಿ ವೀಟ್‌ಸ್ಟೋನ್ ಬ್ರಿಡ್ಜ್. ಫಾತಿಮಾ, ನೀನು ಕೊನೆಯ P/Q = R/S ಮಾತ್ರ ಬಾಯಿಪಾಠ ಮಾಡಿದ್ದೇನೆ ಅಂದಿದ್ದೆ, ಈ ಸಲ ಎರಡು ಲೂಪ್ ಸಮೀಕರಣವನ್ನೂ ಚಿತ್ರ ನೋಡದೆ ಬರೆದು ತೋರಿಸು. ಗ್ಯಾಲ್ವನೋಮೀಟರ್‌ನಲ್ಲಿ ಕರೆಂಟ್ ಸೊನ್ನೆ ಅಂತ ಯಾವ ಹಂತದಲ್ಲಿ ಹಾಕುತ್ತೇವೆ, ಅದನ್ನು ಬಿಡಿಸಿ ಹೇಳು. ಡೆನ್ಜಿಲ್‌ಗೆ ಎರಡು ಸೆಲ್ ಪ್ಯಾರಲಲ್ ಜೋಡಿಸಿದರೆ ಇಎಂಎಫ್ ಎಷ್ಟು ಅನ್ನುವುದು. ನನಗೆ ಡ್ರಿಫ್ಟ್ ವೆಲಾಸಿಟಿಯಿಂದ ಕಂಡಕ್ಟಿವಿಟಿ, ಅದು ನನಗೆ ಪ್ರತಿ ಸಲ ಮಧ್ಯದಲ್ಲಿ ಕೈ ಕೊಡುತ್ತದೆ.

ಡೆನ್ಜಿಲ್, ನಿನ್ನ ಫಾರ್ಮುಲಾದಲ್ಲಿ ಎಲ್ಲರೂ ತಪ್ಪುವ ಜಾಗ ಒಂದಿದೆ:

ε = (ε₁r₂ + ε₂r₁) / (r₁ + r₂)

ಇಲ್ಲಿ ε₁ ಜೊತೆ r₁ ಬರುವುದಿಲ್ಲ, r₂ ಬರುತ್ತದೆ. ಯಾಕೆ ಅಂತ ನೀನು ಹೇಳಬೇಕು. ನನಗೆ ಹೊಳೆದದ್ದು ಇಷ್ಟು: r₁ ತುಂಬಾ ದೊಡ್ಡದು ಅಂದುಕೊಂಡರೆ ಮೊದಲನೇ ಸೆಲ್ ಇದ್ದೂ ಇಲ್ಲದ ಹಾಗೆ, ಆಗ ಉತ್ತರ ε₂ಗೆ ಹತ್ತಿರ ಬರಬೇಕು. ಈ ಫಾರ್ಮುಲಾ ಹಾಗೇ ಕೊಡುತ್ತದೆ, ಅದಲು ಬದಲು ಮಾಡಿ ಬರೆದರೆ ಕೊಡುವುದಿಲ್ಲ. ಪರೀಕ್ಷೆ ಹಾಲ್‌ನಲ್ಲಿ ಅನುಮಾನ ಬಂದರೆ ಅರ್ಧ ನಿಮಿಷದಲ್ಲಿ ಪರೀಕ್ಷಿಸಬಹುದು. ಇಂಥದ್ದು ನಿಮಗೆ ಹೊಳೆದರೆ ದಯವಿಟ್ಟು ಹೇಳಿ, ಗೈಡ್‌ನಲ್ಲಿ ಸಿಗುವುದಿಲ್ಲ.

ಎರಡನೇ ವಾರ ಮ್ಯಾಗ್ನೆಟಿಸಮ್‌ನಿಂದ ಎಸಿ ತನಕ, ಮೂರನೇ ವಾರ ಆಪ್ಟಿಕ್ಸ್, ನಾಲ್ಕನೇ ವಾರ ಫೋಟೋಎಲೆಕ್ಟ್ರಿಕ್, ಆಟಮ್, ನ್ಯೂಕ್ಲಿಯಸ್, ಸೆಮಿಕಂಡಕ್ಟರ್. ಅವುಗಳ ಹಂಚಿಕೆ ಆಯಾ ಸೋಮವಾರ ಹಾಕುತ್ತೇನೆ, ಹಿಂದಿನ ವಾರ ಯಾರು ಎಲ್ಲಿ ಸಿಕ್ಕಿಬಿದ್ದರು ಅಂತ ನೋಡಿಕೊಂಡು. ಲೆನ್ಸ್ ಮೇಕರ್ಸ್ ಫಾರ್ಮುಲಾ ಮಾತ್ರ ಈಗಲೇ ಪ್ರಜ್ವಲ್‌ಗೆ.

ಕೂತಾಗ ಹೀಗೆ ಮಾಡೋಣ. ಹೇಳುವವರು ಮೊದಲು ಪ್ರಶ್ನೆ ಮಾತ್ರ ಓದಬೇಕು. ಉಳಿದ ಐದು ಜನ 10 ನಿಮಿಷ ತಾವೇ ಬಿಡಿಸಬೇಕು, ಮಾತಿಲ್ಲ, ಪುಸ್ತಕ ಮುಚ್ಚಿರಬೇಕು. ಇದನ್ನು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ. ಸುಮ್ನೆ ಕೂತು ಕೇಳಿದರೆ ಎಲ್ಲ ಅರ್ಥವಾದ ಹಾಗೆ ಅನಿಸುತ್ತದೆ, ಮನೆಗೆ ಹೋಗಿ ಪೆನ್ ಹಿಡಿದರೆ ಎರಡನೇ ಸಾಲು ಬರುವುದಿಲ್ಲ. ಆಮೇಲೆ 10 ನಿಮಿಷ ಬೋರ್ಡ್ ಮೇಲೆ ವಿವರಣೆ (ರಕ್ಷಿತಾಳ ತಮ್ಮನ ಬಿಳಿ ಬೋರ್ಡ್ ಇದೆ, ಮಾರ್ಕರ್ ನಾನು ತರುತ್ತೇನೆ). ಹೇಳುವವರ ಕೈಯಲ್ಲಿ ಚೀಟಿ ಇರಬಾರದು. ಕೊನೆಗೆ 5 ನಿಮಿಷ ಪ್ರಶ್ನೆ. "ಇದು ಎಲ್ಲಿಂದ ಬಂತು" ಅಂತ ಕೇಳಲು ಯಾರೂ ನಾಚಿಕೊಳ್ಳಬೇಡಿ, ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ, ಅದನ್ನು ಬರೆದಿಟ್ಟು ಸೋಮವಾರ ಲೆಕ್ಚರರ್ ಹತ್ತಿರ ಕೇಳೋಣ.

ಒಬ್ಬರಿಗೆ 25 ನಿಮಿಷ, ಆರು ಜನಕ್ಕೆ ಎರಡೂವರೆ ಗಂಟೆ. ಮೂರು ಜನ ಆದ ಮೇಲೆ ಚಾ. ಕೊನೆಯ ಅರ್ಧ ಗಂಟೆ ಆ ಚಾಪ್ಟರ್‌ಗಳ ಒಂದು ಮಾರ್ಕಿನ ಪ್ರಶ್ನೆಗಳು, ಒಟ್ಟಿಗೆ ಬೇಗ ಬೇಗ. 70ರಲ್ಲಿ 20 ಮಾರ್ಕು ಅವುಗಳದ್ದೇ, ಬಿಡಲು ಆಗುವುದಿಲ್ಲ.

ತಪ್ಪು ಕಲಿಸಿಬಿಡುವ ಭಯ ನನಗೂ ಇದೆ. ಅದಕ್ಕೆ ಶನಿವಾರ ರಾತ್ರಿ 8ರೊಳಗೆ ನಿಮ್ಮ ಉತ್ತರದ ಫೋಟೋ ಜೋಡಿಗೆ ಕಳಿಸಿ: ರಕ್ಷಿತಾ ಮತ್ತು ಶರತ್, ಫಾತಿಮಾ ಮತ್ತು ಪ್ರಜ್ವಲ್, ಡೆನ್ಜಿಲ್ ಮತ್ತು ನಾನು. ಜೋಡಿಯವರು ಟೆಕ್ಸ್ಟ್ ಬುಕ್ ಇಟ್ಟುಕೊಂಡು ಒಂದೊಂದು ಸ್ಟೆಪ್ ನೋಡಬೇಕು. ಚಿತ್ರ, ಬಾಣದ ದಿಕ್ಕು, ಯೂನಿಟ್ ಎಲ್ಲ ಸರಿ ಇದೆಯಾ ಅಂತಲೂ ನೋಡಿ.

ಒಂದು ವಾರ ಬರಲು ಆಗದಿದ್ದರೆ ಗುರುವಾರವೇ ತಿಳಿಸಿ, ನಿಮ್ಮ ಪ್ರಶ್ನೆ ಬೇರೆಯವರು ತಗೊಳ್ಳಲಿ. ಶರತ್, ನಿಮ್ಮ ಊರಿನ ಕೋಲ ಶನಿವಾರ ರಾತ್ರಿ ಅಂದಿದ್ದೆಯಲ್ಲ, ಆ ವಾರ ನಿನ್ನದು ಕೊನೆಗೆ ಇಡೋಣ, ಸ್ವಲ್ಪ ನಿದ್ದೆ ಮಾಡಿ ಬಾ.

ಪ್ರಶ್ನೆ ಬದಲಿಸಬೇಕು ಅಂದರೆ ಬುಧವಾರದವರೆಗೆ ಹೇಳಬಹುದು, ಆದರೆ "ಕಷ್ಟ" ಅನ್ನುವ ಕಾರಣಕ್ಕೆ ಬದಲಿಸಿಕೊಡುವುದಿಲ್ಲ. ಈಗ ಒಬ್ಬೊಬ್ಬರೇ ನಿಮ್ಮ ಪ್ರಶ್ನೆ ಯಾವುದು ಅಂತ ಇಲ್ಲಿ ಬರೆಯಿರಿ. ಆರೂ ಪೇಪರಿನ ಜೆರಾಕ್ಸ್ ನಾಳೆ ಬೆಳಿಗ್ಗೆ ಕಾಲೇಜಿನಲ್ಲಿ ಕೊಡುತ್ತೇನೆ.